ಶೇವಿಂಗ್ ಉರಿಗೆ ಎಣ್ಣೆಯೋ, ಪಟಿಕವೋ, ಆಫ್ಟರ್‌ಶೇವೋ? ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯ ನಮ್ಮ ಔಷಧಿ ಅಂಗಡಿಗೆ ಬಂದವರು ಬ್ಲೇಡಿನ ಜೊತೆಗೆ ಈ ಪ್ರಶ್ನೆಗಳನ್ನೂ ತರುತ್ತಾರೆ. ಕೆಲವು ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆ ಕಡೆಯಿಂದ ಫೋನಿನಲ್ಲಿ, ಮೆಸೇಜಿನಲ್ಲಿ ಬಂದವು. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಶುರುವಿನಲ್ಲಿ ಎಲ್ಲರಿಗೂ ಬೇಕಾದವು ಇವೆ, ಕೊನೆಯಲ್ಲಿ ಎಲ್ಲ ಮಾಡಿಯೂ ಉರಿ ಬಿಡದವರಿಗಾಗಿ ಬರೆದವು.

## ಮೊದಲು ತಿಳಿಯಬೇಕಾದ್ದು

ಬ್ಲೇಡ್ ಹೊಸದೇ ಹಾಕಿದ್ದೀನಿ, ಆದ್ರೂ ಕುತ್ತಿಗೆ ಯಾಕ್ರೀ ಉರಿಯುತ್ತೆ?

ಬ್ಲೇಡ್ ಕೂದಲನ್ನಷ್ಟೇ ತೆಗೆಯುವುದಿಲ್ಲ, ಚರ್ಮದ ಮೇಲ್ಪದರವನ್ನೂ ಸ್ವಲ್ಪ ಹೆರೆದುಕೊಂಡು ಹೋಗುತ್ತದೆ. ಆ ಪದರ ಸತ್ತ ಕೋಶಗಳದ್ದು, ನಿಜ. ಆದರೆ ಒಳಗಿನ ತೇವ ಹೊರಗೆ ಹೋಗದಂತೆ, ಹೊರಗಿನ ಬೆವರು, ಸೋಪು, ಧೂಳು ಒಳಗೆ ತಾಗದಂತೆ ಕಾಯುವುದು ಅದೇ. ಒಂದೇ ಜಾಗದಲ್ಲಿ ನಾಲ್ಕೈದು ಸಲ ಬ್ಲೇಡ್ ಓಡಿಸಿದರೆ ಅದು ತೆಳುವಾಗಿ, ಕೆಳಗಿನ ಜೀವಂತ ಚರ್ಮ ಕೆಂಪಾಗುತ್ತದೆ, ಉರಿಯುತ್ತದೆ.

ಕುತ್ತಿಗೆಯಲ್ಲೇ ಹೆಚ್ಚು ಉರಿಯಲು ಕಾರಣವಿದೆ. ಅಲ್ಲಿ ಚರ್ಮ ಸಡಿಲ, ಕೆಳಗೆ ಗಟ್ಟಿ ಮೂಳೆಯ ಆಸರೆ ಇಲ್ಲ, ಕೂದಲೂ ಒಂದೇ ದಿಕ್ಕಿಗೆ ಮಲಗಿರುವುದಿಲ್ಲ. ನುಣ್ಣಗಾಗಲಿಲ್ಲ ಎಂದು ನಾವು ಮತ್ತೆ ಮತ್ತೆ ಎಳೆಯುವುದೂ ಅಲ್ಲೇ. ಇನ್ನು ಹೊಸ ಬ್ಲೇಡಿನ ಮಾತು: ಹದ ಹೋದ ಬ್ಲೇಡಿಗೆ ಒತ್ತಿ ಒತ್ತಿ ಕೈ ಪಳಗಿಸಿಕೊಂಡವರು ಹೊಸದನ್ನೂ ಅದೇ ಭಾರದಲ್ಲಿ ಒತ್ತುತ್ತಾರೆ. ಹೊಸ ಬ್ಲೇಡ್ ಹಾಕಿದ ದಿನವೇ ಉರಿ ಜಾಸ್ತಿ ಎನ್ನುವವರು ಸಾಮಾನ್ಯವಾಗಿ ಇವರೇ.

ಮೂರರಲ್ಲಿ ಉರಿ ಬರದ ಹಾಗೆ ತಡೆಯೋದು ಯಾವುದು? ಸುತ್ತಿ ಬಳಸಿ ಹೇಳಬೇಡಿ.

ಎಣ್ಣೆ. ಯಾಕೆಂದರೆ ಮೂರರಲ್ಲಿ ಅದೊಂದೇ ಬ್ಲೇಡ್ ಮುಖಕ್ಕೆ ತಾಗುವ ಮೊದಲು ಹಚ್ಚುವಂಥದ್ದು. ಪಟಿಕ, ಆಫ್ಟರ್‌ಶೇವ್ ಎರಡೂ ಹೆರೆತ ಆದ ಮೇಲೆ ಬರುತ್ತವೆ. ಹೆರೆದುಹೋದ ಪದರವನ್ನು ಎರಡೂ ವಾಪಸ್ ತರುವುದಿಲ್ಲ.

ಹಾಗಂತ ಮೂರರಲ್ಲಿ ಎಣ್ಣೆಯೇ ಮೇಲು ಎಂದೂ ನಾನು ಹೇಳುವುದಿಲ್ಲ. ಗಡ್ಡ ಚೆನ್ನಾಗಿ ನೆನೆದಿದ್ದು, ನೊರೆ ದಪ್ಪವಾಗಿದ್ದು, ಕೈ ಹಗುರವಾಗಿದ್ದರೆ ಬಹಳ ಜನಕ್ಕೆ ಎಣ್ಣೆಯೇ ಬೇಡ. ಒಂದಕ್ಕೆ ಮಾತ್ರ ದುಡ್ಡು ಕೊಡುತ್ತೇನೆ ಎನ್ನುವವರಿಗೆ ನಾನು ಕೊಡುವುದು ಪಟಿಕ. ಅದು ಉರಿ ತಡೆಯುತ್ತದೆ ಎಂದಲ್ಲ, ಎಲ್ಲಿ ತಪ್ಪಾಗಿ ಬ್ಲೇಡ್ ಓಡಿಸಿದ್ದೀರಿ ಎಂದು ಆಗಲೇ ತೋರಿಸಿಕೊಡುತ್ತದೆ. ಆ ವಿಷಯ ಪಟಿಕದ ಭಾಗದಲ್ಲಿದೆ.

ಆಫ್ಟರ್‌ಶೇವ್ ಚುರ್ ಅಂದ್ರೇನೇ ಕೆಲಸ ಮಾಡ್ತಿದೆ ಅಂತ ಅಲ್ವಾ?

ಅಲ್ಲ. ಬಿಸಿ ತಾಗಿದ್ದನ್ನು ಮಿದುಳಿಗೆ ತಿಳಿಸುವ ಒಂದು ಗ್ರಾಹಕ ನಮ್ಮ ನರತುದಿಗಳಲ್ಲಿದೆ. ಅದು ಎಚ್ಚರವಾಗುವುದು ಸುಮಾರು 42 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಆಲ್ಕೊಹಾಲ್ ತಾಗಿದಾಗ ಆ ಮಿತಿ ನಮ್ಮ ಮೈ ಬಿಸಿಗಿಂತಲೂ ಕೆಳಗೆ ಇಳಿಯುತ್ತದೆ. ಆಗ ನಿಮ್ಮ ಚರ್ಮದ ಸಹಜ ಬಿಸಿಯೇ ಸುಟ್ಟ ಹಾಗೆ ಅನ್ನಿಸುತ್ತದೆ. ಹಸಿಮೆಣಸಿನಕಾಯಿಯ ಖಾರ ಕೆಣಕುವುದೂ ಇದೇ ಗ್ರಾಹಕವನ್ನು.

ಮೇಲ್ಪದರ ಗಟ್ಟಿಯಾಗಿದ್ದರೆ ಆಲ್ಕೊಹಾಲ್ ಅಲ್ಲಿಯವರೆಗೆ ಇಳಿಯುವುದು ಕಡಿಮೆ. ಹಾಗಾಗಿ ಚುರುಗುಟ್ಟುವುದು ಹೆಚ್ಚಾದಷ್ಟೂ ಹೆರೆತ ಹೆಚ್ಚಾಗಿದೆ ಎಂದರ್ಥ. ಪುದೀನದ ಸತ್ವ ಮೆಂಥಾಲ್ ಹಾಕಿದ ಲೋಶನ್ನಿನ ಕಥೆ ಇದಕ್ಕೆ ಉಲ್ಟಾ. ಅದು ತಂಪು ತಿಳಿಸುವ ನರವನ್ನು ಎಬ್ಬಿಸುತ್ತದೆ, ತಣ್ಣಗಾಯಿತು ಅನ್ನಿಸುತ್ತದೆ. ಕೆಂಪು ಮಾತ್ರ ಇದ್ದಲ್ಲೇ ಇರುತ್ತದೆ.

## ಎಣ್ಣೆ, ನೀರು, ನೊರೆ

ಎಣ್ಣೆ ಹಚ್ಚಿದ್ರೆ ಕ್ರೀಮು ನೊರೆನೇ ಬರಲ್ಲ. ಹೇಗೆ ಹಚ್ಚೋದು?

ಹೆಚ್ಚಾಯಿತು, ಅಷ್ಟೇ. ಕೆನ್ನೆಗೂ ಕುತ್ತಿಗೆಗೂ ಸೇರಿಸಿ ಮೂರರಿಂದ ಐದು ಹನಿ ಸಾಕು. ಮುಟ್ಟಿದರೆ ಜಾರಬೇಕು, ಕನ್ನಡಿಯಲ್ಲಿ ಮುಖ ಮಿರಮಿರ ಮಿನುಗುತ್ತಿದ್ದರೆ ಒರೆಸಿ ಕಡಿಮೆ ಮಾಡಿ. ಎಣ್ಣೆ ಜಾಸ್ತಿಯಾದರೆ ನೊರೆ ಒಡೆಯುತ್ತದೆ, ಎರಡು ಮೂರು ಅಲಗಿನ ಕಾರ್ಟ್ರಿಜ್ ಆದರೆ ಸಂದಿಗಳಲ್ಲಿ ಕೂದಲು, ಕ್ರೀಮು, ಎಣ್ಣೆ ಎಲ್ಲ ಸೇರಿ ಕಟ್ಟಿಕೊಳ್ಳುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಕ್ರಮ. ಒಣ ಗಡ್ಡಕ್ಕೆ ಎಣ್ಣೆ ಹಚ್ಚಿ ಆಮೇಲೆ ನೀರು ಹಾಕುವವರೇ ಹೆಚ್ಚು. ಕೂದಲನ್ನು ಮೆತ್ತಗೆ ಮಾಡುವುದು ನೀರು, ಎಣ್ಣೆಯಲ್ಲ. ಒಣಗಿದ ಗಡ್ಡದ ಕೂದಲು ಗಡುಸು. ಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ನೆನೆದರೆ ನೀರು ಕುಡಿದು ಉಬ್ಬುತ್ತದೆ, ಕತ್ತರಿಸಲು ಬೇಕಾದ ಬಲ ತುಂಬಾ ಇಳಿಯುತ್ತದೆ. ಮೊದಲೇ ಎಣ್ಣೆ ಬಳಿದರೆ ಆ ನೀರಿಗೆ ನಾವೇ ಅಡ್ಡ ಹಾಕಿದ ಹಾಗೆ. ಆದ್ದರಿಂದ ಸ್ನಾನ ಮುಗಿದ ಮೇಲೆ, ಇಲ್ಲವೇ ಬಿಸಿನೀರಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ಮುಖಕ್ಕೆ ಒತ್ತಿ ಹಿಡಿದ ಮೇಲೆ, ಮುಖ ಒರೆಸದೆ ಒದ್ದೆಯಲ್ಲೇ ಎಣ್ಣೆ ಸವರಬೇಕು. ಅದರ ಮೇಲೆ ಒದ್ದೆ ಬ್ರಷ್ಷಿನಿಂದ ನೊರೆ.

ಶೇವ್ ಮುಗಿದ ಮೇಲೆ ರೇಜರನ್ನು ಬಿಸಿನೀರಲ್ಲಿ ಅಲ್ಲಾಡಿಸಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ಜಾಲಿಸಿದರೆ ಅಂಟು ಬಿಡುತ್ತದೆ.

ಚಳ್ಳಕೆರೆ ಗಾಣದ ಶೇಂಗಾ ಎಣ್ಣೆ ಮನೇಲಿದೆ. ಬಾಟಲಿ ಎಣ್ಣೆ ಯಾಕೆ ಕೊಳ್ಳಬೇಕು?

ಕೊಳ್ಳಲೇಬೇಕೆಂದಿಲ್ಲ. ಅಂಗಡಿಯ ಪುಟ್ಟ ಬಾಟಲಿಯಲ್ಲಿ ಇರುವುದೂ ಬಹುತೇಕ ಹರಳೆಣ್ಣೆ, ಸೂರ್ಯಕಾಂತಿ, ದ್ರಾಕ್ಷಿ ಬೀಜದ ಎಣ್ಣೆಯಂಥವೇ, ಮೇಲೆ ಪರಿಮಳ. ಶೇಂಗಾ ಎಣ್ಣೆಯೂ ಜಾರುತ್ತದೆ. ಆದರೆ ಗಾಣದ ಎಣ್ಣೆಯ ವಾಸನೆ ಮುಖ ತೊಳೆದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ, ಒಗ್ಗರಣೆ ವಾಸನೆ ಹೊತ್ತು ಆಫೀಸಿಗೆ ಹೋಗಲು ಎಲ್ಲರೂ ಒಪ್ಪುವುದಿಲ್ಲ. ಶೇಂಗಾ ತಿಂದರೆ ಅಲರ್ಜಿ ಆಗುವವರು ಅದನ್ನು ಮುಟ್ಟುವುದೇ ಬೇಡ.

ನನ್ನ ಆಯ್ಕೆ ಕೇಳಿದರೆ, ಮೂರು ಪಾಲು ಸೂರ್ಯಕಾಂತಿ ಎಣ್ಣೆಗೆ ಒಂದು ಪಾಲು ಹರಳೆಣ್ಣೆ. ಹರಳೆಣ್ಣೆ ಮಂದ, ಚರ್ಮದ ಮೇಲೆ ನಿಲ್ಲುತ್ತದೆ. ಅದೊಂದನ್ನೇ ಹಚ್ಚಿದರೆ ಬ್ಲೇಡ್ ಜಿಗುಟಿಕೊಂಡು ಎಳೆಯುತ್ತದೆ, ಅದಕ್ಕೇ ತೆಳ್ಳಗಿನ ಎಣ್ಣೆ ಬೆರೆಸುವುದು. ಸಣ್ಣ ಬಾಟಲಿಯಷ್ಟೇ ಮಾಡಿಕೊಳ್ಳಿ, ಕನರು ವಾಸನೆ ಬಂದರೆ ಚೆಲ್ಲಿ. ಸಾಸಿವೆ ಎಣ್ಣೆ ಬೇಡ, ಅದು ತಾನೇ ಉರಿಸುತ್ತದೆ. ಮೊಡವೆ ಏಳುವ ಮುಖಕ್ಕೆ ಕೊಬ್ಬರಿ ಎಣ್ಣೆಯೂ ಬೇಡ, ರಂಧ್ರ ಕಟ್ಟುತ್ತದೆ.

ನಮ್ಮದು ಬೋರ್ ನೀರು, ಯಾವ ಕ್ರೀಮೂ ನೊರೆ ಬರಲ್ಲ. ಪಟಿಕ ಹಾಕಿ ತಿಳಿ ಮಾಡಿದ್ರೆ ಆಗುತ್ತಾ?

ಚಿತ್ರದುರ್ಗದ ಕಡೆಯವರ ಪ್ರಶ್ನೆ ಇದು. ಉರಿಯ ಮೂಲ ಎಷ್ಟೋ ಸಲ ಇಲ್ಲೇ ಇರುತ್ತದೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳಿರುತ್ತವೆ. ಸೋಪು ಅವುಗಳ ಜೊತೆ ಸೇರಿ ಕರಗದ ಬಿಳಿ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಕಟ್ಟುತ್ತದಲ್ಲ, ಅದೇ. ನೊರೆಯಾಗಬೇಕಿದ್ದ ಸೋಪು ಗಸಿಯಾದರೆ ಬ್ಲೇಡ್ ಬರಿ ಚರ್ಮದ ಮೇಲೆ ಓಡುತ್ತದೆ.

ಪಟಿಕ ಹಾಕಿದರೆ ಕೆಸರು ತಳ ಸೇರುತ್ತದೆ, ಗಡಸುತನ ಹೋಗುವುದಿಲ್ಲ. ಸಾಲದ್ದಕ್ಕೆ ಪಟಿಕದಲ್ಲಿರುವ ಅಲ್ಯೂಮಿನಿಯಮ್ಮೂ ಸೋಪನ್ನು ಗಸಿ ಮಾಡುತ್ತದೆ. ಕುದಿಸಿ ಆರಿಸಿದರೆ ಗಡಸುತನದ ಒಂದು ಭಾಗ ಪಾತ್ರೆಯ ತಳಕ್ಕೆ ಬಿಳಿಯಾಗಿ ಇಳಿಯುತ್ತದೆ, ಉಳಿದದ್ದು ಇಳಿಯುವುದಿಲ್ಲ. ಸುಲಭದ ದಾರಿ ಬೇರೆ ಇದೆ. ಊರಿನ ಶುದ್ಧ ನೀರಿನ ಘಟಕದಿಂದ ಕುಡಿಯಲು ಕ್ಯಾನ್ ತರುತ್ತೀರಲ್ಲ, ಅದರಿಂದ ಒಂದು ಚೊಂಬು ಬಿಸಿ ಮಾಡಿಕೊಳ್ಳಿ. ಬ್ರಷ್ ನೆನೆಸಲು, ನೊರೆ ಕಟ್ಟಲು ಅಷ್ಟು ಸಾಕು. ರೇಜರ್ ಜಾಲಿಸಲು, ಮುಖ ತೊಳೆಯಲು ಬೋರ್ ನೀರೇ ಇರಲಿ.

ಇಂಥ ನೀರಿನ ಊರಲ್ಲಿ ಎಣ್ಣೆಗೆ ಬೆಲೆ ಹೆಚ್ಚು, ಗಡಸು ನೀರಿನಲ್ಲೂ ಅದರ ಜಾರು ಕೆಡುವುದಿಲ್ಲ.

## ಪಟಿಕದ ಕಲ್ಲು

ಪಟಿಕ ಹೇಗೆ ಉಜ್ಜಬೇಕು? ಉರಿದ್ರೆ ನಿಲ್ಲಿಸಬೇಕಾ?

ಮೊದಲು ಮುಖದ ನೊರೆಯೆಲ್ಲ ಹೋಗುವಂತೆ ತಣ್ಣೀರಿನಲ್ಲಿ ತೊಳೆಯಿರಿ. ಕಲ್ಲನ್ನು ನೀರಲ್ಲಿ ಅದ್ದಿ, ಒದ್ದೆ ಮುಖದ ಮೇಲೆ ಭಾರ ಹಾಕದೆ ಒಂದು ಸುತ್ತು ಸವರಿ. ಉಜ್ಜುವುದು ಬೇಡ. ಒಂದು ನಿಮಿಷದೊಳಗೆ ತೊಳೆದುಬಿಡಿ. ತುಟಿ, ಕಣ್ಣಿನ ಹತ್ತಿರ ಬೇಡ. ತೊಳೆಯದೆ ಬಿಟ್ಟರೆ ಒಣಗಿ ಮುಖ ಬಿಗಿದುಕೊಳ್ಳುತ್ತದೆ. ದುರ್ಗದ ಬೇಸಿಗೆಯ ಒಣ ಗಾಳಿಗೆ ಸಂಜೆಯೊಳಗೆ ಸಿಪ್ಪೆ ಏಳುತ್ತದೆ.

ಪಟಿಕ ಎಂದರೆ ಪೊಟ್ಯಾಷಿಯಂ ಮತ್ತು ಅಲ್ಯೂಮಿನಿಯಂ ಸೇರಿದ ಸಲ್ಫೇಟ್ ಲವಣ. ನೀರಲ್ಲಿ ಕರಗಿದಾಗ ಹುಳಿ ಗುಣ ಬರುತ್ತದೆ. ಬ್ಲೇಡ್ ತಾಗಿದ ಜಾಗದ ಪ್ರೋಟೀನನ್ನು ಹೆಪ್ಪುಗಟ್ಟಿಸಿ, ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹಾಗಾಗಿ ಸೂಜಿಮೊನೆಯಷ್ಟು ರಕ್ತ ನಿಲ್ಲುತ್ತದೆ, ಕೆಲವು ರೋಗಾಣುಗಳೂ ಅಡಗುತ್ತವೆ. ಆಳದ ಗಾಯಕ್ಕೆ ಇದು ಸಾಲದು.

ಚುರುಗುಟ್ಟಿದರೆ ಹೆದರಬೇಡಿ, ಗಮನಿಸಿ. ಮುಖವೆಲ್ಲ ಸುಮ್ಮನಿದ್ದು ಎಡ ದವಡೆಯ ಕೆಳಗೆ ಮಾತ್ರ ಉರಿದರೆ, ಅಲ್ಲಿ ಒತ್ತಿದ್ದೀರಿ ಅಥವಾ ಹೆಚ್ಚು ಸಲ ಎಳೆದಿದ್ದೀರಿ. ಪಟಿಕದ ನಿಜವಾದ ಉಪಯೋಗ ನನ್ನ ಪ್ರಕಾರ ಇದೇ. ಉರಿ ಕೆಂಪಾಗಿ ಕಾಣುವ ಮೊದಲೇ, ಇನ್ನೂ ಕನ್ನಡಿ ಮುಂದೆ ಇರುವಾಗಲೇ ಜಾಗ ಗೊತ್ತಾಗುತ್ತದೆ. ನಾಳೆ ಅಲ್ಲಿ ಒಂದು ಎಳೆತ ಕಡಿಮೆ ಮಾಡಿದರೆ ಚುರುಕು ಇಳಿಯುತ್ತದೆಯೇ ನೋಡಬಹುದು. ಮುಖ ಇಡೀ ಒಂದೇ ಸಮ ಉರಿದರೆ ಮಾತ್ರ ಬ್ಲೇಡಿನದ್ದೋ ನೊರೆಯದ್ದೋ ದೋಷ ಇರುತ್ತದೆ.

ಕೈಗೊಂದು ಉಪಯೋಗವೂ ಇದೆ. ನೊರೆ ತಾಗಿ ಬೆರಳು ಜಾರಿ, ಕುತ್ತಿಗೆಯ ಚರ್ಮ ಎಳೆದು ಹಿಡಿಯಲು ಆಗದಿದ್ದರೆ, ಬೆರಳ ತುದಿಯನ್ನು ಒದ್ದೆ ಪಟಿಕಕ್ಕೆ ಒಮ್ಮೆ ಸವರಿ. ಹಿಡಿತ ಸಿಗುತ್ತದೆ.

ಅಂಗಡಿ ಬಾಗಿಲಿಗೆ ದೃಷ್ಟಿಗೆ ಕಟ್ಟೋ ಪಟಿಕನೇ ಮುಖಕ್ಕೂ ಆಗುತ್ತಾ?

ಗ್ರಂಧಿಗೆ ಅಂಗಡಿಯಲ್ಲಿ ಕೊಡುವುದೂ ಅದೇ ಕಲ್ಲು. ಆದರೆ ಒಡೆದ ತುಂಡಿನ ಅಂಚು ಗಾಜಿನಷ್ಟು ಚೂಪು, ಹಾಗೇ ಮುಖಕ್ಕೆ ತಂದರೆ ಗೀರುತ್ತದೆ. ನೀರಲ್ಲಿ ಅದ್ದಿ ಕಲ್ಲಿನ ನೆಲಕ್ಕೆ ಉಜ್ಜಿ ಮೂಲೆಗಳನ್ನು ಗುಂಡಗೆ ಮಾಡಿ, ತೊಳೆದು ಬಳಸಿ. ಮಣ್ಣು, ಬಣ್ಣ ಸೇರಿದ ತುಂಡು ಬೇಡ. ಬಾಗಿಲಿಗೆ ಈಗಾಗಲೇ ಕಟ್ಟಿ ಧೂಳು ತಿಂದದ್ದಂತೂ ಬೇಡವೇ ಬೇಡ. ಬಳಸಿದ ಮೇಲೆ ಒಣ ಜಾಗದಲ್ಲಿ ಇಡಿ, ಒದ್ದೆ ಸೋಪಿನ ಡಬ್ಬಿಯಲ್ಲಿಟ್ಟರೆ ಕರಗಿ ನೀರಾಗುತ್ತದೆ.

ಕಟಿಂಗ್ ಶಾಪ್‌ನಲ್ಲಿ ಎಲ್ಲರಿಗೂ ಒಂದೇ ಪಟಿಕ ಉಜ್ತಾರೆ. ಪಟಿಕವೇ ಕ್ರಿಮಿ ಸಾಯಿಸುತ್ತೆ, ಏನಾಗಲ್ಲ ಅಂತಾರೆ. ನಿಜಾನಾ?

ಆ ನಂಬಿಕೆಗೆ ಮುಖ ಒಡ್ಡಬೇಡಿ. ಬ್ಲೇಡ್ ಬದಲಿಸುವುದನ್ನು ನಾವೆಲ್ಲ ಕಣ್ಣಿಟ್ಟು ನೋಡುತ್ತೇವೆ, ಪಟಿಕವನ್ನು ಮಾತ್ರ ಯಾರೂ ಕೇಳುವುದಿಲ್ಲ. ಆದರೆ ರಕ್ತ ಬಂದ ಜಾಗಕ್ಕೇ ಅದನ್ನು ತಾಗಿಸುವುದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಸೋಂಕು ತಗುಲಿಸುವ ಸ್ಥಿತಿಯಲ್ಲಿ ಉಳಿಯಬಲ್ಲದು. ಪಟಿಕದ ಸಣ್ಣ ಕ್ರಿಮಿನಾಶಕ ಗುಣವನ್ನು ನಂಬಿ ಕೂರುವಂಥ ವಿಷಯವಲ್ಲ ಇದು.

ಜಗಳ ಬೇಡ. "ಅಣ್ಣಾ, ಪಟಿಕ ಬೇಡ, ನೀರು ಹಾಕಿ ಬಿಡು" ಎಂದರೆ ಸಾಕು, ಇಲ್ಲವೇ ನಿಮ್ಮ ಪುಟ್ಟ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಮನೆಯಲ್ಲೂ ಅಪ್ಪನಿಗೊಂದು, ಮಗನಿಗೊಂದು ಬೇರೆ ಇರಲಿ.

## ಆಫ್ಟರ್‌ಶೇವ್

ನೀರಿನಂಥ ಲೋಶನ್ ತಗೊಳ್ಳಲಾ, ಕ್ರೀಮಿನಂಥ ಬಾಮ್ ತಗೊಳ್ಳಲಾ?

ಉರಿಯ ಕಾಟ ಇರುವವರಿಗೆ ಬಾಮ್. ಲೋಶನ್ನಿನಲ್ಲಿ ಬಹುಪಾಲು ಆಲ್ಕೊಹಾಲ್ ಮತ್ತು ಪರಿಮಳ. ಆಲ್ಕೊಹಾಲ್ ಆರುವಾಗ ಚರ್ಮದ ಎಣ್ಣೆ ಅಂಶವನ್ನೂ ತೆಗೆದುಕೊಂಡು ಹೋಗುತ್ತದೆ. ಪರಿಮಳ ಕೆಲವರಿಗೆ ಅಲರ್ಜಿ ತರುತ್ತದೆ. ಬಾಮಿನಲ್ಲಿ ಗ್ಲಿಸರಿನ್‌ನಂಥ ತೇವ ಹಿಡಿಯುವ ವಸ್ತು ಇರುತ್ತದೆ, ತೆಳುವಾದ ಪದರಕ್ಕೆ ಬೇಕಾದದ್ದು ಅದೇ. ಪರಿಮಳವಿಲ್ಲದ ಸಾದಾ ಮಾಯಿಶ್ಚರೈಸರ್ ಕೂಡ ಇದೇ ಕೆಲಸ ಮಾಡುತ್ತದೆ, ಬಾಟಲಿ ಮೇಲೆ ಆಫ್ಟರ್‌ಶೇವ್ ಎಂದು ಬರೆದಿರಬೇಕಿಲ್ಲ. ಲೋಶನ್ನಿನ ಘಮ ಬಿಡಲಾರೆ ಎನ್ನುವವರು ಅಂಗಿಗೆ ಹಾಕಿಕೊಳ್ಳಲಿ.

ಪಟಿಕ ಹಚ್ಚಿದ ಮೇಲೆ ಲೋಶನ್ನೂ ಹಾಕಬಹುದಾ?

ಎರಡೂ ಒಣಗಿಸುವಂಥವೇ. ಪಟಿಕ ತೊಳೆದ ಮೇಲೆ ಬಾಮ್ ಹಚ್ಚಿ, ಲೋಶನ್ ಬಿಡಿ.

## ಎಲ್ಲ ಮಾಡಿದರೂ ಉರಿ ಬಿಡದವರಿಗೆ

ಎಣ್ಣೆ, ಪಟಿಕ, ಬಾಮ್ ಮೂರೂ ಬಳಸ್ತೀನಿ ಸಾರ್, ಆದ್ರೂ ಕುತ್ತಿಗೆ ಹಾಗೇ ಇದೆ.

ಮೂರನ್ನೂ ಒಟ್ಟಿಗೆ ಶುರು ಮಾಡಿದರೆ ಯಾವುದು ಒಗ್ಗಿತು, ಯಾವುದು ಕೆಡಿಸಿತು ಎಂದು ಗೊತ್ತೇ ಆಗುವುದಿಲ್ಲ. ಒಬ್ಬ ಹುಡುಗನ ಪ್ರಸಂಗ ಹೇಳುತ್ತೇನೆ. ಚಿತ್ರದುರ್ಗದಲ್ಲಿ ಮನೆ, ಹೋಟೆಲ್ ರಿಸೆಪ್ಷನ್ನಿನಲ್ಲಿ ಕೆಲಸ, ದಿನಾ ಶೇವ್ ಆಗಲೇಬೇಕು. ಬಂದಾಗ ಗಂಟಲ ಗುಬಟೆಯ ಎರಡೂ ಪಕ್ಕ ಅಂಗೈ ಅಗಲ ಕೆಂಪು.

ಮೊದಲು ರಜೆಯ ಎರಡು ದಿನ ಶೇವ್ ಬಿಡಲು ಹೇಳಿದೆ. ಕೆಂಪು ಇಳಿಯಿತು, ಜೊತೆಗೆ ಕೂದಲೂ ಬೆರಳಿಗೆ ಸಿಗುವಷ್ಟು ಬೆಳೆಯಿತು. ಆಗ ಕುತ್ತಿಗೆಯ ಮೇಲೆ ಬೆರಳನ್ನು ನಾಲ್ಕೂ ದಿಕ್ಕಿಗೆ ಸವರಿ ನೋಡಿದ. ಯಾವ ಕಡೆಗೆ ಸವರಿದರೆ ಒರಟು ತಾಗುವುದಿಲ್ಲವೋ ಕೂದಲು ಮಲಗಿರುವುದು ಆ ಕಡೆಗೆ. ಅವನದು ಬಲಗಡೆ ಕೆಳಮುಖ, ಎಡಗಡೆ ಮಾತ್ರ ಕಾಲರಿನಿಂದ ಮೇಲಕ್ಕೆ ಮಲಗಿತ್ತು. ಅವನು ಎರಡೂ ಕಡೆ ಮೇಲಿನಿಂದ ಕೆಳಗೇ ಎಳೆಯುತ್ತಿದ್ದ, ಅಂದರೆ ಎಡಗಡೆ ದಿನಾ ಎದುರು ಹೊಡೆತ.

ಕೆಲಸಕ್ಕೆ ಮರಳಿದ ಮೊದಲ ವಾರ ಎಣ್ಣೆ, ಬಾಮ್ ಎರಡೂ ಇಲ್ಲ. ಕ್ಯಾನಿನ ನೀರಲ್ಲಿ ನೊರೆ, ಕೂದಲು ಮಲಗಿದ ದಿಕ್ಕಿಗೆ ಒಂದೇ ಸುತ್ತು, ಕೊನೆಗೆ ಪಟಿಕ, ಅದೂ ಜಾಗ ತಿಳಿಯಲು ಮಾತ್ರ. ಎಡಗಡೆಯ ಚುರುಕು ಬಹುಪಾಲು ನಿಂತಿತು. ಬಲಗಡೆ ದವಡೆ ಮೂಳೆ ತಿರುಗುವ ಜಾಗದಲ್ಲಿ ಸ್ವಲ್ಪ ಉಳಿಯಿತು. ಎರಡನೇ ವಾರ ಕುತ್ತಿಗೆಯ ಬಲ ಅರ್ಧಕ್ಕೆ ಮಾತ್ರ ಎಣ್ಣೆ, ಎಡಕ್ಕೆ ಇಲ್ಲ. ಬಲಗಡೆಯ ಚುರುಕೂ ಇಳಿಯಿತು, ಎಣ್ಣೆ ಇಲ್ಲದ ಎಡಗಡೆಯೂ ಸುಮ್ಮನಿತ್ತು. ಅಂದರೆ ಅವನಿಗೆ ಎಣ್ಣೆ ಬೇಕಿದ್ದದ್ದು ಆ ಒಂದು ತಿರುವಿಗೆ ಮಾತ್ರ. ಮೂರನೇ ವಾರ ಪಟಿಕ ನಿಲ್ಲಿಸಿ ರಾತ್ರಿ ಬಾಮ್ ಹಚ್ಚಿದ, ಪಟಿಕದಿಂದ ಬಂದಿದ್ದ ಬಿಗಿತ ಹೋಯಿತು. ಈಗ ರಕ್ತ ಬಂದ ದಿನ ಮಾತ್ರ ಪಟಿಕ ತೆಗೆಯುತ್ತಾನೆ.

ನಿಮ್ಮ ಕುತ್ತಿಗೆಯ ಲೆಕ್ಕ ಬೇರೆಯೇ ಬರಬಹುದು. ಆದರೆ ವಾರಕ್ಕೊಂದೇ ಬದಲಾವಣೆ, ಅರ್ಧ ಮುಖಕ್ಕೆ ಮಾತ್ರ, ಈ ಕ್ರಮ ಬಿಡಬೇಡಿ.

ಉರಿ ಅಲ್ಲ, ಗುಳ್ಳೆ ಏಳ್ತಾವೆ. ಅದಕ್ಕೂ ಇದೇ ಮದ್ದಾ?

ಶೇವಿಂಗ್ ಉರಿ ನಿಮಿಷಗಳಲ್ಲಿ ಅಥವಾ ಕೆಲವು ಗಂಟೆಗಳಲ್ಲಿ ಬರುತ್ತದೆ, ಎರಡು ಮೂರು ದಿನದೊಳಗೆ ಹೋಗುತ್ತದೆ. ಒಂದೆರಡು ದಿನ ತಡವಾಗಿ ಗಟ್ಟಿ ಗುಳ್ಳೆ ಎದ್ದು, ದಿಟ್ಟಿಸಿ ನೋಡಿದರೆ ಒಳಗೆ ಬಾಗಿದ ಕೂದಲು ಕಂಡರೆ ಅದು ಒಳಬೆಳೆದ ಕೂದಲು. ಗುಂಗುರು ಗಡ್ಡದವರಿಗೆ ಹೆಚ್ಚು. ಅದಕ್ಕೆ ಎಣ್ಣೆ, ಪಟಿಕ ಕೆಲಸ ಮಾಡುವುದಿಲ್ಲ, ತೀರಾ ಹತ್ತಿರ ಕತ್ತರಿಸುವುದನ್ನೇ ಬಿಡಬೇಕು. ಹಲವು ಅಲಗಿನ ಕಾರ್ಟ್ರಿಜ್ಜಿನಲ್ಲಿ ಮುಂದಿನ ಅಲಗು ಕೂದಲನ್ನು ಎಳೆದು ಹಿಡಿದರೆ ಹಿಂದಿನದು ಚರ್ಮದ ಮಟ್ಟಕ್ಕಿಂತ ಕೆಳಗೆ ಕತ್ತರಿಸುತ್ತದೆ, ಆ ಚೂಪು ತುದಿ ಒಳಗೇ ಚುಚ್ಚಿಕೊಂಡು ಬೆಳೆಯುತ್ತದೆ. ಒಂದೇ ಅಲಗಿನ ರೇಜರ್, ಅದಕ್ಕಿಂತಲೂ ಒಂದು ಮಿಲಿಮೀಟರ್ ಬಿಡುವ ಟ್ರಿಮ್ಮರ್ ವಾಸಿ.

ಕೂದಲ ಬುಡದಲ್ಲಿ ಕೀವು ತುಂಬಿದ್ದರೆ, ಅಥವಾ ಅಂಚು ಕೆಂಪಾಗಿ ಉಂಗುರದ ಹಾಗೆ ಹರಡಿ ಕೆರೆತವಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ಉಂಗುರದಂತಿರುವುದು ಹುಳುಕಡ್ಡಿ ಆಗಿರಬಹುದು. ಇಲ್ಲಿ ನಮ್ಮ ಕೌಂಟರಿನ ಕಷ್ಟ ಹೇಳಲೇಬೇಕು: ಯಾರೋ ಹೇಳಿದರು ಎಂದು ಸ್ಟೀರಾಯ್ಡ್ ಬೆರೆತ ಮುಲಾಮು ಕೇಳಿಕೊಂಡು ಬರುತ್ತಾರೆ. ಹಚ್ಚಿದ ಎರಡು ದಿನ ಕೆಂಪು ಮಾಯ, ಕೆಳಗೆ ಶಿಲೀಂಧ್ರ ಆರಾಮಾಗಿ ಹಬ್ಬುತ್ತಿರುತ್ತದೆ. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಈಗ ಉರೀತಿದೆ, ಸಂಜೆ ಮದುವೆ ರಿಸೆಪ್ಷನ್ ಇದೆ. ಏನು ಮಾಡ್ಲಿ?

ಇನ್ನೊಮ್ಮೆ ಬ್ಲೇಡ್ ತಾಗಿಸಬೇಡಿ. ತಣ್ಣೀರಿನ ಬಟ್ಟೆ ಹತ್ತು ನಿಮಿಷ ಒತ್ತಿ, ಒರೆಸದೆ ಹಾಗೇ ಆರಲು ಬಿಟ್ಟು, ಪರಿಮಳವಿಲ್ಲದ ಮಾಯಿಶ್ಚರೈಸರ್ ತೆಳ್ಳಗೆ ಸವರಿ. ಪಟಿಕ, ಲೋಶನ್, ನಿಂಬೆಹಣ್ಣು, ಪೌಡರ್ ಯಾವುದೂ ಬೇಡ. ಕಾಲರ್ ಗಟ್ಟಿ ಇರುವ ಹೊಸ ಶರ್ಟಿನ ಬದಲು ಒಗೆದು ಮೆತ್ತಗಾದದ್ದನ್ನು ಹಾಕಿಕೊಳ್ಳಿ. ಬೆವರಿದ ಕುತ್ತಿಗೆಗೆ ಗಂಜಿ ಹಾಕಿದ ಕಾಲರ್ ಉಜ್ಜಿದರೆ ಊಟದ ಹೊತ್ತಿಗೆ ಮತ್ತೆ ಶುರುವಾಗುತ್ತದೆ.